ವಿಷಯ: ಸೆಪ್ಟೆಂಬರ್ ತಿಂಗಳ ಜಾಹೀರಾತು ಲೆಕ್ಕ – ಖರ್ಚು, ಫೋನ್ ಕರೆ, ಟೇಬಲ್ ಬುಕಿಂಗ್

ನಮಸ್ಕಾರ ಸರ್,

ಸೆಪ್ಟೆಂಬರ್‌ನಲ್ಲಿ ಜಾಹೀರಾತಿಗೆ 17,860 ರೂ. ಖರ್ಚಾಗಿದೆ (ತೆರಿಗೆ ಮತ್ತು ನಮ್ಮ ಶುಲ್ಕ ಬೇರೆ). ಜಾಹೀರಾತು ನೋಡಿ ಬಂದ ಕರೆಗಳು 212. ಬುಕ್ ಆದ ಟೇಬಲ್ 102, ಅದರಲ್ಲಿ ಗಿರಾಕಿಗಳು ನಿಜವಾಗಿ ಬಂದು ಕೂತದ್ದು 79. ಅಂದರೆ ಒಂದು ಟೇಬಲ್ ತುಂಬಿಸಲು ಸುಮಾರು 226 ರೂ. ಬಿದ್ದಿದೆ. ಆಗಸ್ಟ್‌ನಲ್ಲಿ ಇದು 244 ರೂ. ಇತ್ತು. ಆದರೆ ಈ ತಿಂಗಳು ಇನ್ನೂ ಹತ್ತು ಟೇಬಲ್ ಸಿಗಬಹುದಿತ್ತು. ಅವು ಎಲ್ಲಿ ಕೈತಪ್ಪಿದವು ಎಂಬುದನ್ನು ದಯವಿಟ್ಟು ಗಮನವಿಟ್ಟು ಓದಿ.

ಎತ್ತದೆ ಹೋದ ಕರೆಗಳು

212 ಕರೆಗಳಲ್ಲಿ 171ನ್ನು ನಿಮ್ಮವರು ಎತ್ತಿದ್ದಾರೆ, 41 ಹಾಗೇ ಹೋಗಿವೆ. ಈ 41ರಲ್ಲಿ 26 ಕರೆಗಳು ಶುಕ್ರವಾರದಿಂದ ಭಾನುವಾರದವರೆಗೆ, ಸಂಜೆ 7ರಿಂದ 9ರ ನಡುವೆ ಬಂದವು. ಕೌಂಟರ್‌ನಲ್ಲಿ ಬಿಲ್ ಮಾಡುವವರೇ ಫೋನನ್ನೂ ನೋಡಿಕೊಳ್ಳುವುದರಿಂದ ರಶ್ ಇದ್ದಾಗ ಹೀಗಾಗುತ್ತಿದೆ. ಕರೆ ಸಿಗದವರಲ್ಲಿ 12 ಜನ ಮತ್ತೆ ಮಾಡಿದ್ದಾರೆ, ಉಳಿದ 29 ಜನ ಮಾಡಿಲ್ಲ. ಎತ್ತಿದ ಕರೆಗಳಲ್ಲಿ 64 ಬುಕಿಂಗ್ ಆಗಿವೆ, ಅಂದರೆ ಹೆಚ್ಚುಕಮ್ಮಿ ಮೂರಕ್ಕೆ ಒಂದು. ಅದೇ ಲೆಕ್ಕದಲ್ಲಿ ಆ 29ರಿಂದ ಹತ್ತು ಟೇಬಲ್ ಬರಬೇಕಿತ್ತು. ಒಂದೊಂದು ಕರೆಗೂ ನೀವು ಸುಮಾರು 56 ರೂ. ಕೊಟ್ಟಿದ್ದೀರಿ, ಎತ್ತದಿದ್ದರೂ ಆ ಹಣ ಹೋಗಿಯೇ ಹೋಗುತ್ತದೆ.

ಹಾಗಾಗಿ ವಾರಾಂತ್ಯದ ಆ ಎರಡು ಗಂಟೆ ಫೋನಿಗೆಂದೇ ಒಬ್ಬರನ್ನು ನಿಲ್ಲಿಸಿ. ಅದು ಆಗದಿದ್ದರೆ, ತಪ್ಪಿದ ಕರೆಗೆ ಹತ್ತು ನಿಮಿಷದೊಳಗೆ ವಾಪಸ್ ಫೋನ್ ಮಾಡಿಸಿ. ಅರ್ಧ ಗಂಟೆ ಕಳೆದರೆ ಅವರು ಬೇರೆ ಕಡೆ ಜಾಗ ನೋಡಿಕೊಂಡಿರುತ್ತಾರೆ.

ನಿಮ್ಮ ಗೂಗಲ್ ಜಾಹೀರಾತು ಖಾತೆಯಲ್ಲಿ ಕರೆ ಬಟನ್ ಒತ್ತಿದವರು 247 ಎಂದು ಕಾಣಿಸುತ್ತದೆ. ಬಟನ್ ಒತ್ತಿ, ನಂಬರ್ ಕಂಡ ಮೇಲೆ ಡಯಲ್ ಮಾಡದೆ ಬಿಟ್ಟವರೂ ಅದರಲ್ಲಿ ಸೇರಿದ್ದಾರೆ. ನಿಜವಾಗಿ ರಿಂಗ್ ಆದ 212ನ್ನಷ್ಟೇ ನಾವು ಲೆಕ್ಕಕ್ಕೆ ಹಿಡಿದಿದ್ದೇವೆ.

ಹಣ ಎಲ್ಲಿ ಹೋಯಿತು

ಗೂಗಲ್ ಹುಡುಕಾಟದ ಜಾಹೀರಾತಿಗೆ 11,900 ರೂ. ಹೋಗಿದೆ. ಎಲ್ಲ ಕರೆಗಳೂ ಇಲ್ಲಿಂದಲೇ ಬಂದಿವೆ. ಫೋನಿನಲ್ಲಿ 64, ಆನ್‌ಲೈನ್‌ನಲ್ಲಿ 27, ಒಟ್ಟು 91 ಬುಕಿಂಗ್. ಒಂದಕ್ಕೆ 131 ರೂ. ಇನ್‌ಸ್ಟಾಗ್ರಾಂಗೆ 5,960 ರೂ. ಹೋಗಿ ಸಿಕ್ಕಿದ್ದು 11 ಬುಕಿಂಗ್, ಒಂದಕ್ಕೆ 542 ರೂ. ಇನ್‌ಸ್ಟಾಗ್ರಾಂನಲ್ಲಿ ನೋಡಿ, ಆಮೇಲೆ ಹೆಸರು ಹುಡುಕಿ ಫೋನ್ ಮಾಡುವವರು ಗೂಗಲ್ ಲೆಕ್ಕಕ್ಕೆ ಸೇರುತ್ತಾರೆ, ಆದ್ದರಿಂದ ಪೂರ್ತಿ ನಿಲ್ಲಿಸುವುದು ಬೇಡ. ದಿನಕ್ಕೆ 200 ರೂ. ಇರುವುದನ್ನು 120ಕ್ಕೆ ಇಳಿಸೋಣ.

ಉಳಿಯುವ 80 ರೂ.ಯನ್ನು ಈಗಲೇ ಗೂಗಲ್‌ಗೆ ಹಾಕುವುದಿಲ್ಲ. ಬರುವ ಕರೆಗಳನ್ನೇ ಎತ್ತಲಾಗದಿರುವಾಗ ಇನ್ನಷ್ಟು ಕರೆ ತರಿಸಿ ಪ್ರಯೋಜನವಿಲ್ಲ. ಫೋನಿನ ವ್ಯವಸ್ಥೆ ಸರಿಹೋದ ವಾರದಿಂದ ಹಾಕುತ್ತೇವೆ.

ವ್ಯರ್ಥವಾದ ಹಣವೂ ಇದೆ: 1,140 ರೂ. ಕೆಲಸ ಹುಡುಕುವವರು, ಅಡುಗೆ ಮಾಡುವ ವಿಧಾನ ಹುಡುಕುವವರು ನಿಮ್ಮ ಜಾಹೀರಾತನ್ನು ಒತ್ತಿದ್ದರಿಂದ ಇದು ಹೋಯಿತು. ಅಂಥ ಪದಗಳನ್ನು 11ನೇ ತಾರೀಕು ತಡೆಪಟ್ಟಿಗೆ ಸೇರಿಸಿದೆವು. ಆಮೇಲೆ ಹೋದದ್ದು ಅದರಲ್ಲಿ 90 ರೂ. ಮಾತ್ರ. ಹೊಸ ಪದಗಳು ಬರುತ್ತಲೇ ಇರುತ್ತವಾದ್ದರಿಂದ ಪ್ರತಿ ಸೋಮವಾರ ಪಟ್ಟಿ ನೋಡುತ್ತೇವೆ.

ಬುಕ್ ಮಾಡಿ ಬಾರದವರು

102ರಲ್ಲಿ 9 ರದ್ದಾದವು. 14 ಟೇಬಲ್‌ನವರು ಹೇಳದೆ ಕೇಳದೆ ಬರಲಿಲ್ಲ, ಅವರಲ್ಲಿ 11 ಆನ್‌ಲೈನ್‌ನಲ್ಲಿ ಬುಕ್ ಮಾಡಿದವರು. ಫೋನಿನಲ್ಲಿ ಮಾತಾಡಿದವರು ಒಪ್ಪಿದ ಮಾತಿಗೆ ಬರುತ್ತಾರೆ. ಫಾರ್ಮ್ ತುಂಬಿದವರು ಮರೆಯುತ್ತಾರೆ. ಅಕ್ಟೋಬರ್ 1ರಿಂದ ಬುಕಿಂಗ್ ಸಮಯಕ್ಕೆ ಮೂರು ಗಂಟೆ ಮೊದಲು ಒಂದು ಸಂದೇಶ ತಾನಾಗಿ ಹೋಗುವಂತೆ ಮಾಡಿದ್ದೇವೆ, ರದ್ದು ಮಾಡುವ ಲಿಂಕ್ ಅದರಲ್ಲೇ ಇದೆ. ಬೇಗ ರದ್ದಾದರೆ ಆ ಟೇಬಲ್ಲನ್ನು ನೀವು ಬೇರೆಯವರಿಗೆ ಕೊಡಬಹುದು.

ಲೆಕ್ಕದಲ್ಲಿ ಸೇರದವು

ರಿಜಿಸ್ಟರ್‌ನಲ್ಲಿ ಇನ್ನೂ 17 ಫೋನ್ ಬುಕಿಂಗ್‌ಗಳ ಮುಂದೆ "ಎಲ್ಲಿ ನೋಡಿದಿರಿ" ಕಾಲಂ ಖಾಲಿ ಇದೆ. ಅವನ್ನು ಜಾಹೀರಾತಿನ ಲೆಕ್ಕಕ್ಕೆ ಸೇರಿಸಿಲ್ಲ. ಹಳೆಯ ಗಿರಾಕಿಗಳಾದರೆ "ಹ", ಗೂಗಲ್ ಆದರೆ "ಗೂ" ಎಂದು ಒಂದಕ್ಷರ ಬರೆದರೂ ಸಾಕು, ಮುಂದಿನ ಲೆಕ್ಕ ಇನ್ನೂ ಖಚಿತವಾಗುತ್ತದೆ.

ನಿಮ್ಮಿಂದ ಎರಡು ಉತ್ತರ ಬೇಕು: ಸಂಜೆ ಫೋನಿಗೆ ಯಾರು ಇರುತ್ತಾರೆ, ಇನ್‌ಸ್ಟಾಗ್ರಾಂ ಹಣ ಇಳಿಸಲು ಒಪ್ಪಿಗೆಯೇ? ಅಕ್ಟೋಬರ್ 5ರೊಳಗೆ ಈ ಮೇಲ್‌ಗೇ ಬರೆದು ಕಳಿಸಿ. ಅಕ್ಟೋಬರ್‌ನಲ್ಲಿ ಯಾವ ದಿನವಾದರೂ ಬಾಗಿಲು ಹಾಕುವುದಿದ್ದರೆ ಅದನ್ನೂ ತಿಳಿಸಿ, ಅಂದು ಜಾಹೀರಾತು ನಿಲ್ಲಿಸುತ್ತೇವೆ.

ಇಂತಿ,
ನಿಮ್ಮ ಜಾಹೀರಾತು ನೋಡಿಕೊಳ್ಳುವ ತಂಡ