ಅಟ್ಟದ ಸೆಗಾ

"ಶ್ವೇತಕ್ಕಾ, ಇದೆಂತ? ವಿಸಿಆರಾ?"

ಪ್ರಜ್ವಲ್ ಅಟ್ಟದ ಏಣಿಯಲ್ಲೇ ನಿಂತು ಕೇಳಿದ. ಮಳೆಗಾಲಕ್ಕೆ ಮುಂಚೆ ಕಟಪಾಡಿಯ ಮನೆಯ ಹಂಚು ಕೈಯಾಡಿಸಬೇಕಿತ್ತು, ಅದಕ್ಕೇ ಅಟ್ಟ ಖಾಲಿ ಮಾಡುತ್ತಿದ್ದೆವು. ಅವನ ಕೈಯಲ್ಲಿದ್ದದ್ದು ಕಪ್ಪು ಡಬ್ಬ, ಮೇಲೆ ದಪ್ಪಕ್ಷರದಲ್ಲಿ '16-ಬಿಟ್'. ಸೆಗಾ ಮೆಗಾ ಡ್ರೈವ್, ಟಿವಿಗೆ ಹಾಕಿ ಆಡುವ ವಿಡಿಯೋ ಗೇಮ್. 1994ರಲ್ಲಿ ಚಿಕ್ಕಪ್ಪ ಬಹರೈನ್‌ನಿಂದ ತಂದದ್ದು. ಅವರ ಮಗನಿಗೇ ಗೊತ್ತಿಲ್ಲ ನೋಡಿ. ಅವನು ಹುಟ್ಟುವ ಹೊತ್ತಿಗೆ ಅದು ಸತ್ತು ಅಟ್ಟ ಸೇರಿತ್ತು.

"ಹಾಳಾದದ್ದು ಹೇಗೆ?"

"ಸಿಡಿಲಿಗೆ ಅಡಾಪ್ಟರ್ ಹೋಯಿತು," ಅಂದೆ. ಅಷ್ಟೇ ಅಂದೆ.

ಸುಟ್ಟ ಅಡಾಪ್ಟರ್ ಕೂಡ ಅದರ ಜೊತೆಗೇ ಇತ್ತು, ಇಟ್ಟಿಗೆಯಷ್ಟು ಭಾರ. ಪ್ರಜ್ವಲ್ ಓಡಿಹೋಗಿ ವೈಫೈ ರೂಟರ್‌ನ ಅಡಾಪ್ಟರ್ ಕಿತ್ತು ತಂದ. ಪಿನ್ ಸರಿಯಾಗಿ ಕೂರುವ ಹಾಗೆ ಕಂಡಿತು. ನಾನು ಅವನ ಕೈ ಹಿಡಿದೆ.

"ನಿಲ್ಲು ಮಾರಾಯ. ಅದು 12 ವೋಲ್ಟ್. ಇದಕ್ಕೆ 9. ಮತ್ತೆ ಈ ಚಿತ್ರ ನೋಡು."

ತೂತಿನ ಹತ್ತಿರ ಸಣ್ಣ ಚಿತ್ರ: ನಡುವೆ ಒಂದು ಚುಕ್ಕೆ, ಸುತ್ತ ಅರ್ಧ ಉಂಗುರ. ಚುಕ್ಕೆಯಿಂದ ಹೊರಟ ಗೆರೆ ಮೈನಸ್‌ಗೆ ಹೋಗಿತ್ತು. ರೂಟರ್‌ನದ್ದರಲ್ಲಿ ನಡುವೆ ಪ್ಲಸ್. ಚುಚ್ಚಿದ್ದರೆ ಉಲ್ಟಾ ಕರೆಂಟು.

ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರ ಮೂರು ಅಂಗಡಿ ಸುತ್ತಿದೆವು. ಎಲ್ಲ ಕಡೆ ನಡುವೆ ಪ್ಲಸ್ಸೇ. ಮೂರನೆಯವರು ಕೀಬೋರ್ಡ್ ವಾದ್ಯಕ್ಕೆ ಹಾಕುವುದೊಂದನ್ನು ತೆಗೆದರು. ನಡುವೆ ಮೈನಸ್, ಆದರೆ ಬರೀ ಅರ್ಧ ಆಂಪಿಯರ್. ನಮ್ಮದಕ್ಕೆ 1.2 ಬೇಕು. ಕೊನೆಗೆ ಪಿನ್ ತಿರುಗಿಸಿ ಹಾಕಬಹುದಾದ 9 ವೋಲ್ಟ್, 2 ಆಂಪಿಯರಿನದ್ದು ಸಿಕ್ಕಿತು. "ಆಂಪಿಯರ್ ಜಾಸ್ತಿ ಆಯ್ತಲ್ಲ ಅಕ್ಕ?" ಅಂದ ಪ್ರಜ್ವಲ್. "ಅದು ಬೇಕಾದಷ್ಟೇ ಎಳ್ಕೊಳ್ತದೆ, ವೋಲ್ಟ್ ಜಾಸ್ತಿ ಆಗ್ಬಾರ್ದು ಅಷ್ಟೆ," ಅಂದರು ಅಂಗಡಿಯವರು, ಮೀಟರ್‌ನಲ್ಲಿ ಪಿನ್ ಮುಟ್ಟಿ ತೋರಿಸುತ್ತಾ. ಮೈನಸ್ ನಡುವೆಯೇ. 350 ರೂಪಾಯಿ.

ಸ್ವಿಚ್ ತಳ್ಳಿದಾಗ ಕೆಂಪು ದೀಪ ಬಂತು. ಟಿವಿ ಮಾತ್ರ ಕಪ್ಪು. ಪ್ರಜ್ವಲ್ ಮುಖ ಇಳಿಯಿತು. ಕಾರ್ ರೇಸಿನ ಕ್ಯಾಸೆಟ್ ತೆಗೆದು, ಅದರ ಹಲ್ಲುಗಳನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಉಜ್ಜಿದೆ. ಹತ್ತಿ ಕಪ್ಪಾಯಿತು. ಎರಡನೇ ಸಲ, ಮೂರನೇ ಸಲ. ಮತ್ತೆ ಹಾಕಿದಾಗ ಆ ಸಂಗೀತ ಬಂತು. ಕೈ ತಾನಾಗಿ ಬಟನ್ ಹುಡುಕಿತು.

ಪ್ರಜ್ವಲ್ ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದ. ನಾಲ್ಕನೇ ಸಲ ಹೇಗೋ ಮೂರನೇ ಸುತ್ತಿಗೆ ಬಂದಿದ್ದ, ಅಷ್ಟರಲ್ಲಿ ಪಡುವಣದಲ್ಲಿ ಗುಡುಗಿತು.

1999ರಲ್ಲೂ ಹೀಗೇ ಗುಡುಗಿತ್ತು. ಆಗ ನನಗೆ 12. ಕನ್ಸೋಲಿನ ಸ್ವಿಚ್ ಆಫ್ ಮಾಡಿ ಓಡಿದ್ದೆ, ಅಡಾಪ್ಟರ್ ಗೋಡೆಯಲ್ಲೇ ಇತ್ತು. ಯಾರಿಗೂ ಹೇಳಿರಲಿಲ್ಲ.

"ಅಕ್ಕ, ಒಂದೇ ಸುತ್ತು!"

ಜಗಲಿಯಿಂದ ಚಿಕ್ಕಪ್ಪನ ಸ್ವರ ಬಂತು. "ಶ್ವೇತಾ, ಈ ಸಲ ಆದ್ರೂ ಪಿನ್ ತೆಗಿ."