ಎಲೆಯಲ್ಲಿ ಪಿಷ್ಟ ಇದೆಯಾ? 10ನೇ ತರಗತಿಯ ಲ್ಯಾಬ್ ಚೆಕ್‌ಲಿಸ್ಟ್

ಮಕ್ಕಳೇ, ಮೊನ್ನೆ ಬರೆಸಿದ ವಿಧಾನ ಎರಡು ಪುಟ ಇದೆ. ಕೈಯಲ್ಲಿ ಇಕ್ಕಳ ಹಿಡಿದುಕೊಂಡು ಅಷ್ಟನ್ನೂ ಓದುತ್ತಾ ನಿಲ್ಲಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಚಿಕ್ಕದು ಮಾಡಿದ್ದೇನೆ. ಅಳತೆ, ಸಮಯ, ಎಚ್ಚರಿಕೆ ಯಾವುದನ್ನೂ ಬಿಟ್ಟಿಲ್ಲ. ಎಚ್ಚರಿಕೆಗಳನ್ನು ಕೊನೆಯಲ್ಲಿ ಗುಡ್ಡೆ ಹಾಕದೆ, ಯಾವ ಹೆಜ್ಜೆಗೆ ಬೇಕೋ ಅಲ್ಲೇ ಇಟ್ಟಿದ್ದೇನೆ. ಗುಂಪಿನಲ್ಲಿ ಒಬ್ಬರು ಗಟ್ಟಿಯಾಗಿ ಓದಿ. ಹೆಜ್ಜೆ ಮುಗಿದ ಮೇಲೆಯೇ ಟಿಕ್ ಹಾಕಿ.

ಲ್ಯಾಬ್‌ಗೆ ಬರುವ ಮೊದಲು

1. ಮಂಗಳವಾರ ಬೆಳಿಗ್ಗೆ 9: ಬಿಳಿ ಮಚ್ಚೆ ಇರುವ ಮನಿಪ್ಲಾಂಟ್ ಕುಂಡವನ್ನು ಕತ್ತಲೆ ಕೋಣೆಗೆ ಇಡಿ. 3 ದಿನ ಬಾಗಿಲು ತೆರೆಯಬೇಡಿ. ಎಲೆಯಲ್ಲಿ ಮೊದಲೇ ಇರುವ ಪಿಷ್ಟ ಖರ್ಚಾಗಬೇಕು.

2. ಶುಕ್ರವಾರ ಬೆಳಿಗ್ಗೆ 9: ಕುಂಡವನ್ನು ಅಂಗಳದ ಬಿಸಿಲಿಗೆ ತನ್ನಿ. ಮಧ್ಯಾಹ್ನ 3ರ ವರೆಗೆ, ಅಂದರೆ 6 ಗಂಟೆ ಅಲ್ಲೇ ಇರಲಿ.

3. ಗುಂಪಿಗೆ ಒಂದು ಎಲೆ ಕೀಳಿ. ಚಿಕ್ಕ, ಎಳೆಯ ಎಲೆ ಇರಲಿ. ದೊಡ್ಡದಾದರೆ ಪ್ರನಾಳದಲ್ಲಿ ಹಿಡಿಯುವುದಿಲ್ಲ.

4. ಎಲೆಯ ಅಂಚನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಹಸಿರು ಭಾಗ, ಬಿಳಿ ಭಾಗ ಗುರುತಿಸಿ. ಇದನ್ನು ಈಗಲೇ ಮಾಡಿ. ಮುಂದೆ ಎಲೆಯ ಹಸಿರೆಲ್ಲ ಹೋಗಿಬಿಡುತ್ತದೆ. ಆಮೇಲೆ ನೆನಪಿನಿಂದ ಬರೆದ ಚಿತ್ರಕ್ಕೆ ಬೆಲೆ ಇಲ್ಲ.

ಉರಿ ಇರುವ ಭಾಗ

5. ಜಡೆ ಹಿಂದಕ್ಕೆ ಕಟ್ಟಿ, ದುಪಟ್ಟಾ ಪಿನ್ ಮಾಡಿ. ಕನ್ನಡಕ ಹಾಕಿಕೊಳ್ಳಿ.

6. 250 ಮಿ.ಲೀ. ಬೀಕರ್‌ಗೆ 150 ಮಿ.ಲೀ. ನೀರು ಹಾಕಿ, ತಂತಿ ಜಾಲರಿಯ ಮೇಲಿಡಿ.

7. ಸ್ಪಿರಿಟ್ ದೀಪವನ್ನು ಬೆಂಕಿಕಡ್ಡಿಯಿಂದಲೇ ಹಚ್ಚಿ. ದೀಪದಿಂದ ದೀಪ ಹಚ್ಚಬೇಡಿ. ವಾಲಿಸಿದರೆ ಸ್ಪಿರಿಟ್ ಚೆಲ್ಲುತ್ತದೆ.

8. ನೀರು ಕುದಿಯುವಾಗ ಇಕ್ಕಳದಿಂದ ಎಲೆ ಇಳಿಸಿ. 2 ನಿಮಿಷ ಬೇಯಿಸಿ, ತೆಗೆದು ತಟ್ಟೆಯಲ್ಲಿಡಿ. ಎಲೆ ಮೆತ್ತಗಾಗಿ ಜೋಲು ಬೀಳಬೇಕು. ಗಟ್ಟಿ ಇದ್ದರೆ ಇನ್ನೊಂದು ನಿಮಿಷ ಬೇಯಿಸಿ.

9. ದೀಪ ಆರಿಸಿ. ಮುಚ್ಚಳ ಹಾಕಿಯೇ ಆರಿಸಿ, ಊದಬೇಡಿ.

10. ಇಲ್ಲಿ ಎಲ್ಲರೂ ನಿಲ್ಲಿ. ನಿಮ್ಮ ದೀಪ ಆರಿದರೆ ಸಾಲದು. ನಾಲ್ಕೂ ಗುಂಪಿನ ದೀಪ ಆರಬೇಕು. ಆಲ್ಕೋಹಾಲ್‌ನ ಆವಿ ಕಣ್ಣಿಗೆ ಕಾಣುವುದಿಲ್ಲ. ಪಕ್ಕದ ಮೇಜಿನ ಉರಿಗೂ ಹೊತ್ತಿಕೊಳ್ಳುತ್ತದೆ. ಪ್ರತಿ ಗುಂಪೂ "ಆರಿದೆ" ಎಂದು ಕೂಗಿ ಹೇಳಿದ ಮೇಲೆಯೇ ನಾನು ಬಾಟಲಿ ತೆಗೆಯುತ್ತೇನೆ. 9 ಮತ್ತು 10ನ್ನು ಯಾವ ಕಾರಣಕ್ಕೂ ಹಿಂದೆ ಮುಂದೆ ಮಾಡಬೇಡಿ.

ಉರಿ ಇಲ್ಲದ ಭಾಗ

11. ದೊಡ್ಡ ಪ್ರನಾಳಕ್ಕೆ 20 ಮಿ.ಲೀ. ಆಲ್ಕೋಹಾಲ್ ಹಾಕಿಸಿಕೊಳ್ಳಿ. ಬಾಟಲಿ ತಕ್ಷಣ ಮುಚ್ಚಿ ಕಪಾಟಿಗೆ ಹೋಗುತ್ತದೆ. ಮೂಸಬೇಡಿ, ನಾಲಿಗೆಗೆ ತಾಗಿಸಬೇಡಿ. ಲ್ಯಾಬ್‌ನ ಆಲ್ಕೋಹಾಲ್‌ನಲ್ಲಿ ವಿಷ ಬೆರೆತಿರುತ್ತದೆ.

12. ಎಲೆಯನ್ನು ಸುರುಳಿ ಸುತ್ತಿ ಒಳಗೆ ಇಳಿಸಿ. ಪೂರ್ತಿ ಮುಳುಗಬೇಕು.

13. ಪ್ರನಾಳವನ್ನು ಬಿಸಿನೀರಿನ ಬೀಕರ್‌ನಲ್ಲಿ ನಿಲ್ಲಿಸಿ. ಬಾಯಿ ಯಾರ ಮುಖದ ಕಡೆಗೂ ಇರಬಾರದು. ಆಲ್ಕೋಹಾಲ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಈಗಷ್ಟೇ ಕುದಿದ ನೀರಿನ ಬಿಸಿಯೇ ಅದಕ್ಕೆ ಸಾಕು.

14. 5ರಿಂದ 10 ನಿಮಿಷ ಕಾಯಿರಿ. ಆಲ್ಕೋಹಾಲ್ ಹಸಿರಾಗುತ್ತದೆ, ಎಲೆ ಬಿಳಿಚಿಕೊಳ್ಳುತ್ತದೆ. ನೋಡುತ್ತಿರಿ, ಚೆನ್ನಾಗಿರುತ್ತದೆ! ಅಷ್ಟರೊಳಗೆ ನೀರು ಆರಿದರೆ ದೀಪ ಮತ್ತೆ ಹಚ್ಚಬೇಡಿ. ಬಿಸಿಯೂಟದ ಅಡುಗೆಮನೆಯಿಂದ ಫ್ಲಾಸ್ಕ್‌ನಲ್ಲಿ ಬಿಸಿನೀರು ತರಿಸಿಟ್ಟಿದ್ದೇನೆ, ಕೇಳಿ. ಹಳೆಯ ನೀರು ಚೆಲ್ಲಿ ಅದನ್ನು ಹಾಕೋಣ.

15. ಎಲೆಯನ್ನು ಇಕ್ಕಳದಿಂದ ನಿಧಾನವಾಗಿ ತೆಗೆಯಿರಿ. ಈಗ ಅದು ಹಪ್ಪಳದ ಹಾಗೆ ಮುರಿಯುತ್ತದೆ. ಬಿಸಿನೀರಿನಲ್ಲಿ ಒಮ್ಮೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ.

16. ಬಿಳಿ ತಟ್ಟೆಯ ಮೇಲೆ ಸುಕ್ಕಿಲ್ಲದಂತೆ ಹರಡಿ.

17. ತೆಳು ಅಯೋಡಿನ್ ದ್ರಾವಣ 5 ಮಿ.ಲೀ. ಹಾಕಿ. ಎಲೆಯ ಎಲ್ಲ ಕಡೆಗೂ ತಾಗಲಿ. 3 ನಿಮಿಷ ಬಿಡಿ. ಚರ್ಮಕ್ಕೆ, ಯೂನಿಫಾರ್ಮ್‌ಗೆ ತಾಗಿದರೆ ಕಲೆ ಆಗುತ್ತದೆ. ಕಣ್ಣಿಗೆ ಬಿದ್ದರೆ ಧಾರಾಳವಾಗಿ ನೀರು ಹಾಕಿ ತೊಳೆಯುತ್ತಲೇ ನನ್ನನ್ನು ಕರೆಯಿರಿ.

18. ತಣ್ಣೀರಿನಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿ. ನೀಲಿ-ಕಪ್ಪು ಬಣ್ಣ ಬಂದ ಕಡೆ ಪಿಷ್ಟ ಇದೆ. ಹಳದಿ-ಕಂದು ಇರುವ ಕಡೆ ಇಲ್ಲ.

19. ಮೊದಲ ಚಿತ್ರದ ಪಕ್ಕದಲ್ಲೇ ಎರಡನೆಯ ಚಿತ್ರ ಬರೆದು ಹೋಲಿಸಿ. ಕಂಡದ್ದನ್ನೇ ಬರೆಯಿರಿ. ಹಸಿರಿದ್ದ ಭಾಗದಲ್ಲಿ ಬಣ್ಣ ಬರದಿದ್ದರೆ ಹಾಗೇ ಬರೆದು ನನಗೆ ತೋರಿಸಿ. ಬೇಯಿಸಿದ್ದು ಸಾಲಲಿಲ್ಲವೋ, ಆ ಎಲೆ ನೆರಳಲ್ಲಿತ್ತೋ ನೋಡೋಣ. ಪಕ್ಕದ ಗುಂಪಿನದನ್ನು ನಕಲು ಮಾಡಬೇಡಿ.

20. ಹಸಿರು ಆಲ್ಕೋಹಾಲನ್ನು ಸಿಂಕ್‌ಗೆ ಸುರಿಯದೆ ನನ್ನ ಮೇಜಿನ ಮೇಲಿನ ಮುಚ್ಚಳದ ಬಾಟಲಿಗೆ ಹಾಕಿ. ಬೀಕರ್ ತಣ್ಣಗಾದ ಮೇಲೆ ಮುಟ್ಟಿ. ಕೈಗೆ ಸೋಪು ಹಾಕಿ ತೊಳೆದು ಹೊರಡಿ.