ಮಳಿಗೆ ಬಾಡಿಗೆ ಬಾಕಿ: ಜುಲೈ ಮತ್ತು ಆಗಸ್ಟ್ 2025

ಮಾಟುಂಗಾ ಪೂರ್ವ, ಮುಂಬೈ
12 ಆಗಸ್ಟ್ 2025

ಮಾನ್ಯ ಶೆಟ್ಟರೇ,

ನಮಸ್ಕಾರ. ನಮ್ಮ ಲೀವ್ ಅಂಡ್ ಲೈಸೆನ್ಸ್ ಕರಾರಿನಂತೆ ಮಳಿಗೆ ಸಂಖ್ಯೆ 3ರ ಬಾಡಿಗೆ ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಸಂದಾಯವಾಗಬೇಕು. ಜುಲೈ ಮತ್ತು ಆಗಸ್ಟ್ ತಿಂಗಳ ಬಾಡಿಗೆ ಇನ್ನೂ ನನ್ನ ಖಾತೆಗೆ ಬಂದಿಲ್ಲ.

ತಿಂಗಳಿಗೆ ₹65,000ರಂತೆ ಎರಡು ತಿಂಗಳಿಗೆ ₹1,30,000, ಅದರ ಮೇಲೆ ಶೇ. 18ರ ಜಿಎಸ್‌ಟಿ ₹23,400, ಒಟ್ಟು ₹1,53,400. ಜೂನ್ ಮಳೆಯಲ್ಲಿ ಜಾಮ್ ಆಗಿದ್ದ ಶಟರ್ ಅನ್ನು ನೀವೇ ಮುಂದೆ ನಿಂತು ದುರಸ್ತಿ ಮಾಡಿಸಿದಿರಿ. ಆ ₹4,200ರ ರಸೀದಿ ನನ್ನ ಬಳಿ ಇದೆ. ಕಟ್ಟಡದ ದುರಸ್ತಿ ನನ್ನ ಹೊಣೆಯಾದ್ದರಿಂದ ಅದನ್ನು ಕಳೆದಿದ್ದೇನೆ. ಉಳಿದ ಬಾಕಿ ₹1,49,200. ಟಿಡಿಎಸ್ ಕಡಿತ ಮಾಡಿದ್ದರೆ ಅದರ ವಿವರ ತಿಳಿಸಿ, ಅಷ್ಟನ್ನು ಹೊಂದಿಸಿಕೊಳ್ಳುತ್ತೇನೆ.

ದಯವಿಟ್ಟು 20 ಆಗಸ್ಟ್ ಒಳಗೆ ಈ ಮೊತ್ತವನ್ನು ಎಂದಿನ ಬ್ಯಾಂಕ್ ಖಾತೆಗೆ ಜಮಾ ಮಾಡಿ. ಚೌತಿಗೆ ಮುಂಚೆ ಸರಕು ತುಂಬಿಸಲು ಕೈ ಬಿಗಿಯಾಗುವುದು ನನಗೆ ಗೊತ್ತು. ಒಂದೇ ಕಂತಿನಲ್ಲಿ ಕಷ್ಟವಾದರೆ ಜುಲೈ ಬಾಕಿಯನ್ನು ಮೊದಲು ಪಾವತಿಸಿ, ಆಗಸ್ಟ್ ಬಾಡಿಗೆ ಕೊಡುವ ದಿನಾಂಕವನ್ನು ಬರಹದಲ್ಲಿ ತಿಳಿಸಿ. ಬರೀ ಫೋನಿನ ಮಾತು ಬೇಡ. ಕಳೆದ ತಿಂಗಳು ಅದರಿಂದಲೇ ಗೊಂದಲವಾಯಿತು.

ಕರಾರಿನಲ್ಲಿರುವ ತಡಪಾವತಿ ಬಡ್ಡಿಯನ್ನು ಈ ಬಾರಿ ಹಾಕಿಲ್ಲ. 20ರೊಳಗೆ ಹಣವೂ ಉತ್ತರವೂ ಬರದಿದ್ದರೆ ಅದನ್ನು ಅನ್ವಯಿಸಬೇಕಾಗುತ್ತದೆ. ಈಗಾಗಲೇ ಪಾವತಿಸಿದ್ದರೆ ವ್ಯವಹಾರ ಸಂಖ್ಯೆ ಕಳುಹಿಸಿ, ಈ ಪತ್ರವನ್ನು ಬದಿಗಿಡಿ.

ಇಂತಿ ವಿಶ್ವಾಸಿ,
ರಾವ್
ಮಳಿಗೆಯ ಮಾಲೀಕ